ಗುರುವಾರ ರಜ, ಭಾನುವಾರ ಡ್ಯೂಟಿ (ಕೆಲಸದ ಕತೆಗಳು, ಭಾಗ 6)

"ಎಲ್ರಿಗೂ ಗುಡ್ ಈವ್ನಿಂಗ್. ದೀಪಾವಳಿಗೆ ಗುರುವಾರನೂ ರಜ ಕೊಟ್ಟಿದೀವಿ. ಅದಕ್ಕೆ ಬದಲು ಭಾನುವಾರ ಡ್ಯೂಟಿ ಇರುತ್ತೆ. ತಪ್ಪದೆ ಬನ್ನಿ 🙏"

2024ರ ಅಕ್ಟೋಬರ್ 23, ಬುಧವಾರ ಸಂಜೆ ನಮ್ಮ ಗಾರ್ಮೆಂಟ್ಸ್ ವಾಟ್ಸಾಪ್ ಗ್ರೂಪಿಗೆ ಬಂದ ಮೆಸೇಜ್ ಇದು. ಹಾಕಿದ್ದು ಪ್ರೊಡಕ್ಷನ್ ಇನ್‌ಚಾರ್ಜ್ ಸರ್. ಮಾರನೇ ದಿನ ಎಚ್‌ಆರ್ ಮೇಡಂ ನನ್ನ ಕರೆದು, "ಇದನ್ನ ನೋಟಿಸ್ ಮಾಡಿ ಗೇಟ್ ಹತ್ರ ಅಂಟಿಸ್ಬೇಕು, ಟೈಪ್ ಮಾಡಮ್ಮ" ಅಂದ್ರು. ದೊಡ್ಡಬಳ್ಳಾಪುರದ ಆ ಫ್ಯಾಕ್ಟರಿಯಲ್ಲಿ ನಾನು ಟ್ರೈನಿ. ಹತ್ತು ನಿಮಿಷದ ಕೆಲಸ ಅನ್ಕೊಂಡೆ. ಆದ್ರೆ ಒಂದು ಪೂರ್ತಿ ಮಧ್ಯಾಹ್ನ ಹೋಯ್ತು.

ಮೊದಲ ಪ್ರಶ್ನೆ: ಯಾವ ಭಾನುವಾರ?

ಆ ವರ್ಷದ ಕ್ಯಾಲೆಂಡರ್ ನೆನಪಿಸ್ಕೊಳ್ಳಿ. ಅಕ್ಟೋಬರ್ 31 ಗುರುವಾರ ನರಕ ಚತುರ್ದಶಿ. ನವೆಂಬರ್ 1 ಶುಕ್ರವಾರ ರಾಜ್ಯೋತ್ಸವ. 2 ಶನಿವಾರ ಬಲಿಪಾಡ್ಯಮಿ. 3 ಭಾನುವಾರ. ಗುರುವಾರದ ಹಿಂದೆ ಒಂದು ಭಾನುವಾರ (27), ಮುಂದೆ ಒಂದು ಭಾನುವಾರ (3). ಮೆಸೇಜಿನಲ್ಲಿ ತಾರೀಖೇ ಇಲ್ಲ. ಕಟಿಂಗ್ ಸೆಕ್ಷನ್‌ನವರು 27 ಅಂತ ಓದಿದ್ರು, ಫಿನಿಶಿಂಗ್ ಅಕ್ಕಂದಿರು 3 ಅಂತ ಓದಿದ್ರು. ಹೌಸ್‌ಕೀಪಿಂಗ್‌ನ ಒಬ್ಬರು ಅಕ್ಕನಿಗೆ ಸ್ಮಾರ್ಟ್‌ಫೋನೇ ಇಲ್ಲ. ಅವರು ಓದೇ ಇರ್ಲಿಲ್ಲ. "ಭಾನುವಾರ ಬರ್ದಿದ್ರೆ ಆಬ್ಸೆಂಟ್ ಹಾಕ್ತಾರಂತೆ, ಯಾವ ಭಾನುವಾರ ಅಂತ ಹೇಳವ್ವ" ಅಂತ ನನ್ನೇ ಕೇಳಿದ್ರು. ನಮ್ಮಲ್ಲಿ ತಿಂಗಳಲ್ಲಿ ಒಂದು ದಿನ ತಪ್ಪಿದ್ರೂ ಅಟೆಂಡೆನ್ಸ್ ಬೋನಸ್ ಹೋಗುತ್ತೆ. ಅವರ ಮನೇಲಿ ಹಬ್ಬದ ಎಣ್ಣೆ, ಬೇಳೆ ಬರೋದೇ ಆ ದುಡ್ಡಲ್ಲಿ.

ಇನ್‌ಚಾರ್ಜ್ ಸರ್‌ನ ಕೇಳಿದ್ರೆ, "27 ಕಣಮ್ಮ. ಈ ಭಾನುವಾರ ದುಡಿದು ಬಿಟ್ರೆ ಗುರುವಾರದಿಂದ ಭಾನುವಾರದವರೆಗೆ ನಾಲ್ಕು ದಿನ ಆರಾಮಾಗಿ ಊರಿಗೆ ಹೋಗಿ ಬರ್ತಾರೆ" ಅಂದ್ರು. ಒಳ್ಳೇ ಮನಸ್ಸಿಂದಲೇ ಹೇಳಿದ್ದು. ಗ್ರೂಪಲ್ಲೂ ಅದಕ್ಕೆ ಬರೀ 👍👍.

ಮೇಡಂ ಮಾತ್ರ ಒಪ್ಪಲಿಲ್ಲ. ಗೋಡೆ ಕ್ಯಾಲೆಂಡರ್ ಮೇಲೆ ಬೆರಳಿಟ್ಟು ನನ್ನ ಕೈಯಲ್ಲೇ ಎಣಿಸಿದ್ರು. ಆಗ ಜಾರಿಯಲ್ಲಿದ್ದದ್ದು 1948ರ ಕಾರ್ಖಾನೆ ಕಾಯ್ದೆ. ಅದರ 52ನೇ ಸೆಕ್ಷನ್ ಪ್ರಕಾರ ಭಾನುವಾರ ಕೆಲಸ ಮಾಡಿಸಬೇಕಾದ್ರೆ, ಆ ಭಾನುವಾರಕ್ಕೆ ಅಂಟಿಕೊಂಡ ಹಿಂದಿನ ಮೂರು ದಿನ ಅಥವಾ ಮುಂದಿನ ಮೂರು ದಿನಗಳಲ್ಲಿ ಒಂದು ಇಡೀ ದಿನ ರಜೆ ಕೊಡಬೇಕು. 27ರ ಮುಂದಿನ ಮೂರು ದಿನ ಅಂದ್ರೆ 28, 29, 30. ಗುರುವಾರ 31 ನಾಲ್ಕನೇ ದಿನ! ಒಂದೇ ದಿನದಲ್ಲಿ ಲೆಕ್ಕ ತಪ್ಪುತ್ತೆ. ಅದೇ ನವೆಂಬರ್ 3ರಿಂದ ಹಿಂದಕ್ಕೆ ಎಣಿಸಿ: 2, 1, 31. ಗುರುವಾರ ಸರಿಯಾಗಿ ಮೂರನೇ ದಿನ. ಹಾಗಾಗಿ ಗುರುವಾರ ರಜ ಬೇಕು ಅಂದ್ರೆ ದುಡಿಯೋ ಭಾನುವಾರ 3 ಮಾತ್ರ ಆಗಬಹುದು.

ಅಂದ್ರೆ ನಾಲ್ಕು ದಿನದ ರಜ ಮೂರಕ್ಕೆ ಇಳಿಯಿತು. ರಾಯಚೂರು ಕಡೆಯ ಹುಡುಗೀರಿಗೆ ಬೇಜಾರಾಯ್ತು. ಹೋಗೋಕೆ ಒಂದು ರಾತ್ರಿ, ಬರೋಕೆ ಒಂದು ರಾತ್ರಿ ಬಸ್ಸಲ್ಲೇ ಕಳೆಯುತ್ತಲ್ಲ. ಕೊನೆಗೆ ಇನ್‌ಚಾರ್ಜ್ ಸರ್ ಒಂದು ದಾರಿ ಮಾಡಿದ್ರು: ದೂರದೂರಿನವರು 3ನೇ ತಾರೀಖಿಗೆ ಮುಂಚೆಯೇ ಲೀವ್ ಬರೆದುಕೊಟ್ರೆ ಮಂಜೂರು ಮಾಡ್ತೀನಿ, ಆಬ್ಸೆಂಟ್ ಅಲ್ಲ ಅಂದ್ರು. ಇದೂ ನೋಟಿಸಿಗೆ ಬರಬೇಕು. ಬಾಯಿಮಾತಲ್ಲಿ ಉಳಿದ್ರೆ ತಿಂಗಳ ಕೊನೆಗೆ ಯಾರೂ ಒಪ್ಪಲ್ಲ.

ಎರಡನೇ ಪ್ರಶ್ನೆ ಎಲ್ಲರದ್ದೂ: "ಭಾನುವಾರ ಡಬಲ್ ಇದ್ಯಾ?"

ಕೇಳೋದ್ರಲ್ಲಿ ನ್ಯಾಯ ಇದೆ. ವಾರಕ್ಕೆ 48 ಗಂಟೆ ದಾಟಿದ್ರೆ ಓಟಿ, ಅದಕ್ಕೆ ಎರಡರಷ್ಟು ಸಂಬಳ. ಭಾನುವಾರ 3ರಿಂದ ಶನಿವಾರ 9ರವರೆಗೆ ಏಳು ದಿನ, ದಿನಕ್ಕೆ 8 ಗಂಟೆ ಅಂದ್ರೆ 56. ಓಟಿ ಬಂತು ಅನ್ಸುತ್ತೆ ಅಲ್ವಾ? ಆದ್ರೆ ಅದೇ 52ನೇ ಸೆಕ್ಷನ್ ಒಂದು ಮಾತು ಹೇಳುತ್ತೆ: ಬದಲಿ ರಜೆಯನ್ನ ಮೊದಲೇ ತಗೊಂಡಿದ್ರೆ, ಆ ಭಾನುವಾರದ ಗಂಟೆಗಳು ಹಿಂದಿನ ವಾರದ ಲೆಕ್ಕಕ್ಕೆ ಸೇರುತ್ತೆ. ಹಿಂದಿನ ವಾರದಲ್ಲಿ ಕೆಲಸ ಸೋಮವಾರ, ಮಂಗಳವಾರ, ಬುಧವಾರ ಮಾತ್ರ. ಇದೂ ಸೇರಿ ನಾಲ್ಕು ದಿನ, 32 ಗಂಟೆ. ಹಾಗಾಗಿ ಓಟಿ ಇಲ್ಲ, ಮಾಮೂಲಿ ಸಂಬಳ. ಇದನ್ನ ಮೊದಲೇ ಬರೆದು ಅಂಟಿಸಿದ್ರೆ ಒಂದು ದಿನ ಗೊಣಗ್ತಾರೆ. ಪೇಸ್ಲಿಪ್ ಬಂದ ಮೇಲೆ ಗೊತ್ತಾದ್ರೆ ಮೋಸ ಹೋದ್ವಿ ಅನ್ಕೋತಾರೆ.

ಇನ್ನೊಬ್ಬರು, "ಶುಕ್ರವಾರದ ರಜಾನೂ ಹಿಂದೆ ಮುಂದೆ ಮಾಡ್ತೀರಾ?" ಅಂತ ಕೇಳಿದ್ರು. ರಾಜ್ಯೋತ್ಸವ ವಾರದ ರಜೆ ಥರ ಅಲ್ಲ, ಕರ್ನಾಟಕದಲ್ಲಿ 1963ರ ಬೇರೆ ಕಾಯ್ದೆಯ ಕೆಳಗೆ ಬರೋ ಸಂಬಳ ಸಹಿತ ರಜೆ. ಅದನ್ನ ಮುಟ್ಟಿಲ್ಲ. ಮುಟ್ಟಿಲ್ಲ ಅನ್ನೋದನ್ನೂ ಬರೀಬೇಕು ಅಂತ ಆಗ ಗೊತ್ತಾಯ್ತು. ರಜೆ ಬದಲಾಯ್ತು ಅಂದ ಕೂಡ್ಲೇ ಜನ ಎಲ್ಲಾ ರಜೆ ಮೇಲೂ ಅನುಮಾನ ಪಡ್ತಾರೆ.

ಕೊನೆಗೆ ಅಂಟಿಸಿದ್ದು ಇದು:

ಸೂಚನೆ
ದಿನಾಂಕ: 25-10-2024, ಶುಕ್ರವಾರ
ವಿಷಯ: ದೀಪಾವಳಿ ರಜೆಯಲ್ಲಿ ಬದಲಾವಣೆ (ಎಲ್ಲಾ ವಿಭಾಗದವರಿಗೆ)

▪️ 27-10-2024 ಭಾನುವಾರ: ಎಂದಿನಂತೆ ರಜೆ
▪️ 31-10-2024 ಗುರುವಾರ: ರಜೆ (03-11-2024ರ ವಾರದ ರಜೆಗೆ ಬದಲಾಗಿ)
▪️ 01-11-2024 ಶುಕ್ರವಾರ: ರಾಜ್ಯೋತ್ಸವ, ಸಂಬಳ ಸಹಿತ ರಜೆ, ಬದಲಾವಣೆ ಇಲ್ಲ
▪️ 02-11-2024 ಶನಿವಾರ: ಬಲಿಪಾಡ್ಯಮಿ, ಸಂಬಳ ಸಹಿತ ರಜೆ, ಬದಲಾವಣೆ ಇಲ್ಲ
▪️ 03-11-2024 ಭಾನುವಾರ: ಕೆಲಸದ ದಿನ. ಮಾಮೂಲಿ ಶಿಫ್ಟ್, ಮಾಮೂಲಿ ಸಂಬಳ. ವ್ಯಾನ್ ಎಂದಿನ ಸಮಯಕ್ಕೆ ಬರುತ್ತದೆ.

03-11-2024ರಂದು ರಜೆ ಬೇಕಾದವರು 28-10-2024 ಸೋಮವಾರದೊಳಗೆ ತಮ್ಮ ಸೂಪರ್‌ವೈಸರ್‌ಗೆ ಅರ್ಜಿ ಕೊಡಿ. ಮಂಜೂರಾದರೆ ಗೈರುಹಾಜರಿ ಎಂದು ಪರಿಗಣಿಸುವುದಿಲ್ಲ.
ಗ್ರೂಪಿನಲ್ಲಿ 23-10-2024ರಂದು ಬಂದ ಸಂದೇಶದ ಬದಲು ಈ ಸೂಚನೆಯನ್ನು ಅನುಸರಿಸಿ.

ಕೊನೆಯ ಸಾಲು ಮೇಡಂ ಸೇರಿಸಿದ್ದು. ಹಳೇ ಮೆಸೇಜ್ ಫೋನಲ್ಲಿ ಹಾಗೇ ಇರುತ್ತೆ, ಫಾರ್ವರ್ಡ್ ಆಗ್ತಾನೇ ಇರುತ್ತೆ. ಎರಡರಲ್ಲಿ ಯಾವುದು ಸರಿ ಅಂತ ಹೇಳದಿದ್ರೆ ಪ್ರತಿಯೊಬ್ಬರೂ ತಮಗೆ ಬೇಕಾದ್ದನ್ನೇ ನಂಬ್ತಾರೆ.

ಅಂಟಿಸೋ ದಿನಕ್ಕೂ ಲೆಕ್ಕ ಇದೆ. ಕಾನೂನಿಗೆ ಗುರುವಾರ 31ಕ್ಕಿಂತ ಮುಂಚೆ ನೋಟಿಸ್ ಹಾಕಿ, ಒಂದು ಪ್ರತಿ ಇನ್ಸ್‌ಪೆಕ್ಟರ್ ಕಚೇರಿಗೆ ಕೊಟ್ಟಿದ್ರೆ ಸಾಕಿತ್ತು. ಆದ್ರೆ 27ಕ್ಕೇ ಡ್ಯೂಟಿ ಅಂತ ನಂಬಿದವರಿಗೆ ಶನಿವಾರ ಸಂಜೆ ಗೇಟ್ ದಾಟೋ ಮುಂಚೆ ಗೊತ್ತಾಗಬೇಕು. ಇಲ್ಲದಿದ್ರೆ ವ್ಯಾನ್ ಇಲ್ಲದ ಭಾನುವಾರ ಬೆಳಿಗ್ಗೆ ಸ್ಟಾಪಲ್ಲಿ ನಿಂತಿರ್ತಾರೆ. ಅದಕ್ಕೇ ಶುಕ್ರವಾರ ಅಂಟಿಸಿ, ಶನಿವಾರ ಊಟದ ಹೊತ್ತಲ್ಲಿ ಪ್ರತಿ ಲೈನಿನಲ್ಲೂ ಓದಿ ಹೇಳಿಸಿದ್ರು. ಹೌಸ್‌ಕೀಪಿಂಗ್ ಅಕ್ಕನಿಗೆ ನಾನೇ ಓದಿ ಹೇಳಿದೆ. "ಹಂಗಾದ್ರೆ ಈ ವಾರ ಮಗಳ ಮನೆಗೆ ಹೋಗ್ಬಹುದು" ಅಂದ್ರು.

ನಿಮ್ಮಲ್ಲಿ ಕೆಲವರು ದಾಬಸ್‌ಪೇಟೆ, ಹೊಸಕೋಟೆ, ದೇವನಹಳ್ಳಿ ಕಡೆ ಇದೇ ಥರ ಆಫೀಸಿಗೆ ಸೇರಿದ್ದೀರಿ. ಒಂದು ಮಾತು: ಕಾರ್ಮಿಕ ಕಾನೂನು ಈಗ ಹೊಸ ಸಂಹಿತೆಗಳಿಗೆ ಬದಲಾಗಿದೆ, ಆದ್ದರಿಂದ ಇಲ್ಲಿನ ಸೆಕ್ಷನ್ ನಂಬರ್ ನಕಲು ಮಾಡ್ಬೇಡಿ, ಮೊದಲು ನಿಮ್ಮ ಎಚ್‌ಆರ್ ಹತ್ರ ಕೇಳಿ. ತಾರೀಖಿನ ವಿಷಯ ಮಾತ್ರ ಯಾವ ಕಾನೂನು ಬಂದ್ರೂ ಹಾಗೇ ಇರುತ್ತೆ. ಗ್ರೂಪಲ್ಲಿ "ಈ ಭಾನುವಾರ" ಅಂದ್ರೆ ಮೆಸೇಜ್ ಮೇಲೆ ಟೈಮ್ ಇರುತ್ತೆ. ಗೋಡೆ ಮೇಲಿನ ಕಾಗದ ಸೋಮವಾರವೂ ಅಲ್ಲೇ ಇರುತ್ತೆ, ಆಗ "ಈ ಭಾನುವಾರ" ಬೇರೆ ಭಾನುವಾರ ಆಗಿರುತ್ತೆ.

ಭಾಗ 7: ಪೇಸ್ಲಿಪ್ ಓದೋದು ಹೇಗೆ. ನಿಮ್ಮ ಫ್ಯಾಕ್ಟರೀಲಿ ಬಂದ ಗೊಂದಲದ ಮೆಸೇಜ್ ಇದ್ರೆ ಹೆಸರು ಅಳಿಸಿ ಕಳಿಸಿ.

#ದೊಡ್ಡಬಳ್ಳಾಪುರ #ಕೆಲಸದಕತೆಗಳು #ಗಾರ್ಮೆಂಟ್ಸ್