ನಾಲ್ಕು ಗಂಟೆ ರಾತ್ರಿಗೆ ಲೆಕ್ಕ ಉಳಿಸ್ಬೇಡಿ

ಚನ್ನರಾಯಪಟ್ಟಣದ ಚಿಕ್ಕಮ್ಮನ ಮಗಳು ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ಮೊದಲ ತಿಂಗಳೇ ನೈಟ್ ಡ್ಯೂಟಿ, ರಾತ್ರಿ ಎಂಟರಿಂದ ಬೆಳಗ್ಗೆ ಎಂಟು. "ಅಕ್ಕ, ಹನ್ನೆರಡರ ತನಕ ಚೆನ್ನಾಗೇ ಇರ್ತೀನಿ. ಮೂರೂವರೆ ಆಯ್ತು ಅಂದ್ರೆ ನಾನೇ ಬರ್ದಿರೋ ಅಕ್ಷರ ಓದಕ್ಕಾಗಲ್ಲ. ನೀನು ಇಷ್ಟು ವರ್ಷದಿಂದ ಹೆಂಗೆ ಮಾಡ್ತಿದ್ದೀಯ?" ಅಂತ ಕೇಳಿದ್ಲು. ಫೋನಲ್ಲಿ ಹೇಳಿ ಮುಗಿಯೋ ಮಾತಲ್ಲ. ನಮ್ಮ ಹಾಸನ, ಹೊಳೆನರಸೀಪುರ, ಅರಕಲಗೂಡು ಕಡೆ ಈಗ ರಾತ್ರಿ ಕೆಲಸಕ್ಕೆ ಹೋಗೋ ಮಗಳೋ ಸೊಸೆಯೋ ಇಲ್ಲದ ಬೀದಿ ಕಮ್ಮಿ. ಅವಳಿಗೂ ಆಗ್ಲಿ, ನಿಮಗೂ ಆಗ್ಲಿ ಅಂತ ಇಲ್ಲೇ ಬರೀತಿದ್ದೀನಿ.

ಮೊದಲು ತಿಳ್ಕೋಬೇಕಾದ್ದು, ಆ ಮೂರೂವರೆ ಮಂಪರು ಸೋಮಾರಿತನ ಅಲ್ಲ. ನಮ್ಮ ಮೆದುಳೊಳಗೆ ಒಂದು ಗಡಿಯಾರ ಐತೆ, ಕಣ್ಣಿಗೆ ಬೀಳೋ ಬೆಳಕು ನೋಡ್ಕೊಂಡು ಅದು ನಡೀತದೆ. ಬೆಳಗಿನ ಜಾವ ನಾಲ್ಕು ಐದರ ಹೊತ್ತಿಗೆ ಮೈಯ ಬಿಸಿ ತೀರಾ ಕೆಳಗಿಳೀತದೆ, ಬುದ್ಧಿಯ ಚುರುಕೂ ಅದರ ಜೊತೆಗೇ ಇಳೀತದೆ. ಇನ್ನೊಂದು ಸಣ್ಣ ಇಳಿತ ಮಧ್ಯಾಹ್ನ ಎರಡು ಮೂರರ ಹೊತ್ತಿಗೆ, ಉಂಡ ಮೇಲೆ ನಾವೆಲ್ಲ ತೂಕಡಿಸೋ ಹೊತ್ತು. ನಾಲ್ಕು ದಿನ ನೈಟ್ ಮಾಡಿದ್ರೆ ಈ ಗಡಿಯಾರ ತಿರುಗಿಕೊಳ್ಳಲ್ಲ. ಆದ್ರೆ ಇಳಿತ ಯಾವಾಗ ಬರ್ತದೆ ಅನ್ನೋದು ಮುಂಚೇನೇ ಗೊತ್ತಿರ್ತದೆ, ಅದೇ ನಮಗೆ ಅನುಕೂಲ. ತೋಟದ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಎಷ್ಟೊತ್ತಿಗೆ ಹೋಗ್ತದೆ ಅಂತ ಗೊತ್ತಿದ್ರೆ ನೀರು ಕಟ್ಟೋ ಕೆಲಸನ ಅಷ್ಟರೊಳಗೇ ಮುಗಿಸ್ತೀವಲ್ಲ, ಹಂಗೇ ಇದು.

ಮೊದಲನೇ ರಾತ್ರಿಯೇ ಕಷ್ಟದ ರಾತ್ರಿ. ಬೆಳಗ್ಗೆ ಆರಕ್ಕೆ ಎದ್ದು, ಮನೆಕೆಲಸ ಮಾಡಿ, ಹಂಗೇ ಡ್ಯೂಟಿಗೆ ಹೋದ್ರೆ ನಾಲ್ಕು ಗಂಟೆ ಹೊತ್ತಿಗೆ 22 ತಾಸು ಕಣ್ಣು ಬಿಟ್ಟಂಗಾಯ್ತು. ಅದಕ್ಕೆ ಅವತ್ತು ಮಧ್ಯಾಹ್ನದ ಇಳಿತನ ಬಳಸ್ಕೋಬೇಕು. ಎರಡಕ್ಕೆ ಕಿಟಕಿ ಪರದೆ ಎಳೆದು ಮಲಗಿದ್ರೆ ಒಂದೂವರೆ ಗಂಟೆ ನಿದ್ದೆ ತಾನಾಗೇ ಬರ್ತದೆ. ಸಂಜೆಗೆ ತಳ್ಳಿದ್ರೆ ಆಗಲ್ಲ, ಆರರ ಮೇಲೆ ಮೈ ಮತ್ತೆ ಚುರುಕಾಗೋ ಹೊತ್ತು, ಸುಮ್ನೆ ಹೊರಳಾಡಬೇಕು. ದೀಪ ಹಚ್ಚೋ ಹೊತ್ತಲ್ಲಿ ಮಲಗಬಾರದು ಅಂತ ಅಜ್ಜಿ ಬೈತಿದ್ದದ್ದು ಇಲ್ಲಿಗೂ ಸರಿಹೋಗ್ತದೆ.

ಊಟ ಹೊರಡೋ ಮುಂಚೆ ಏಳಕ್ಕೇ ಆಗ್ಬೇಕು. ಮುದ್ದೆ, ಕಾಳಿನ ಸಾರು, ಮಜ್ಜಿಗೆ, ಹೊಟ್ಟೆ ತುಂಬ ಉಣ್ಣಿ. ಒಂದು ಗಂಟೆ ರಾತ್ರೀಲಿ ಡಬ್ಬಿ ತುಂಬ ಅನ್ನ ತಿಂದ್ರೆ ಕೆಡ್ತದೆ. ಆ ಹೊತ್ತಲ್ಲಿ ಮೈ ಸಕ್ಕರೆನ ಹಗಲಿನಷ್ಟು ಚೆನ್ನಾಗಿ ಅರಗಿಸಲ್ಲ, ಎದೆ ಉರಿ, ಹೊಟ್ಟೆ ಭಾರ, ಅದರ ಮೇಲೆ ತೂಕಡಿಕೆ. ಹನ್ನೆರಡರ ಹೊತ್ತಿಗೆ ಒಂದು ಹಿಡಿ ಹುರಿದ ಕಡ್ಲೆಬೀಜ, ಒಂದು ಬಾಳೆಹಣ್ಣು, ಇಲ್ಲಾ ಮೊಸರವಲಕ್ಕಿ ಒಂದು ಸಣ್ಣ ಡಬ್ಬಿ ಸಾಕು. ಸಕ್ಕರೆ ಕಾಯಿಲೆಗೆ ಮಾತ್ರೆನೋ ಇನ್ಸುಲಿನ್ನೋ ತಗೊಳ್ಳೋರು ಮಾತ್ರ ಊಟದ ಹೊತ್ತು ಬದಲಾಯಿಸೋಕೆ ಮುಂಚೆ ಡಾಕ್ಟ್ರನ್ನ ಕೇಳಿ.

ಈಗ ಮುಖ್ಯ ಮಾತು, ಯಾವ ಕೆಲಸ ಯಾವ ಹೊತ್ತಿಗೆ ಅನ್ನೋದು. ಹೊಸಬರು ಸುಲಭದ್ದನ್ನ ಮೊದಲು ಮಾಡಿ ಲೆಕ್ಕದ್ದನ್ನ ಬೆಳಗಿನ ಜಾವಕ್ಕೆ ಉಳಿಸ್ತಾರೆ. ನಾನು ತಿರುಗಿಸಿ ಮಾಡ್ತೀನಿ. ಒಂದು ಡ್ರಿಪ್ ತಗೊಳ್ಳಿ. ಡಾಕ್ಟ್ರು 500 ಮಿಲಿ ಬಾಟಲಿನ 8 ಗಂಟೇಲಿ ಹೋಗ್ಬೇಕು ಅಂತ ಬರ್ದಿದ್ದಾರೆ. ಸೆಟ್ ಕವರ್ ಮೇಲೆ ಮಿಲಿಗೆ 20 ಹನಿ ಅಂತ ಇದೆ. 500ನ 20ರಿಂದ ಗುಣಿಸಿದ್ರೆ 10,000 ಹನಿ. 8 ಗಂಟೆ ಅಂದ್ರೆ 480 ನಿಮಿಷ. ಭಾಗಿಸಿದ್ರೆ ನಿಮಿಷಕ್ಕೆ 21 ಹನಿ. ರಾತ್ರಿ ಒಂಬತ್ತಕ್ಕೆ ಇದು ಅರ್ಧ ನಿಮಿಷದ ಕೆಲಸ. ನಾಲ್ಕು ಗಂಟೇಲಿ 8ರ ಜಾಗದಲ್ಲಿ 4 ಅಂತ ಕಣ್ಣು ಓದಿದ್ರೆ 42 ಹನಿ ಆಯ್ತು, ಎದೆ ವೀಕಾಗಿರೋ ವಯಸ್ಸಾದ ಅಜ್ಜಿಗೆ ಆ ನೀರು ಶ್ವಾಸಕೋಶಕ್ಕೆ ತುಂಬ್ಕೋಬಹುದು. ಅದಕ್ಕೆ ರಾತ್ರಿ ಹಾಕ್ಬೇಕಾದ ಎಲ್ಲಾ ಬಾಟಲಿಗಳ ಹನಿ ಲೆಕ್ಕನೂ ಹತ್ತು ಗಂಟೆ ಒಳಗೆ ಮಾಡಿ, ಜೊತೆಯವಳ ಕೈಲಿ ಇನ್ನೊಂದು ಸಲ ಮಾಡಿಸಿ, ಹಾಳೇಲಿ ಬೆಡ್ ನಂಬರ್ ಜೊತೆ ಬರ್ದಿಡ್ತೀನಿ. ಜಾವಕ್ಕೆ ಉಳಿಯೋದು ಹೋಲಿಸಿ ನೋಡೋ ಕೆಲಸ ಮಾತ್ರ. ಡಾಕ್ಟ್ರು ಆರ್ಡರ್ ಬದಲಾಯಿಸಿದ್ರೆ, ಇಲ್ಲಾ ಮಿಲಿಗೆ 60 ಹನಿಯ ಸಣ್ಣ ಸೆಟ್ ಹಾಕಿದ್ರೆ ಹಳೇ ಲೆಕ್ಕ ಹೊಡೆದುಹಾಕಿ ಹೊಸದಾಗಿ ಮಾಡ್ಬೇಕು.

ಎಲ್ಲಾನೂ ಹಿಂಗೆ ಮುಂದಕ್ಕೆ ತರೋ ಹಂಗಿಲ್ಲ. ಬೆಳಗ್ಗೆ ಐದಕ್ಕೆ ರಕ್ತ ತೆಗೀಬೇಕು. ಅದರ ಚೀಟಿಗಳನ್ನ ಹನ್ನೊಂದಕ್ಕೇ ತುಂಬಿಡಬಹುದು, ಆದ್ರೆ ಖಾಲಿ ಟ್ಯೂಬಿಗೆ ಮುಂಚೇನೇ ಹೆಸರು ಅಂಟಿಸಿಡಬಾರದು. ಒಬ್ಬರ ಹೆಸರಿನ ಟ್ಯೂಬಿಗೆ ಇನ್ನೊಬ್ಬರ ರಕ್ತ ಹೋಗೋದು ಅಲ್ಲೇ. ರಕ್ತ ತೆಗೆದ ಮೇಲೆ, ಹಾಸಿಗೆ ಪಕ್ಕದಲ್ಲೇ, ಅವರ ಬಾಯಲ್ಲೇ ಹೆಸರು ಹೇಳಿಸಿ ಅಂಟಿಸ್ಬೇಕು. ಹೆರಿಗೆ ಅಂತೂ ನಮ್ಮ ಹೊತ್ತು ಕೇಳ್ಕೊಂಡು ಬರಲ್ಲ. ಅಂಥ ಹೊತ್ತಲ್ಲಿ ಔಷಧಿ ಹೆಸರು, ಎಷ್ಟು, ಯಾರಿಗೆ ಅಂತ ಜೋರಾಗಿ ಓದಿ, ಇನ್ನೊಬ್ಬರ ಕೈಲಿ ನೋಡಿಸಿಯೇ ಕೊಡೋದು.

ಕಾಫಿಗೂ ಹೊತ್ತಿದೆ. ಕುಡಿದು ಅರ್ಧ ಗಂಟೆಗೆ ಹಿಡೀತದೆ, ಐದು ಗಂಟೆ ಆದ್ರೂ ಸುಮಾರು ಅರ್ಧ ಮೈಯಲ್ಲೇ ಇರ್ತದೆ. ನಾನು ಒಂಬತ್ತೂವರೆಗೆ ಒಂದು ಲೋಟ, ಎರಡಕ್ಕೆ ಇನ್ನೊಂದು. ಎರಡನೇದು ಕುಡಿದ ತಕ್ಷಣ, ಜೊತೆಯವಳನ್ನ ವಾರ್ಡಲ್ಲಿ ಬಿಟ್ಟು, 20 ನಿಮಿಷ ಅಲಾರಂ ಇಟ್ಟು ಕಣ್ಣು ಮುಚ್ತೀನಿ. ಬಿಡುವಿಗೆ ಒಪ್ಪಿಗೆ ಇರೋ ಕಡೆ ಮಾತ್ರ ಈ ಮಾತು. ಎದ್ದೇಳೋ ಹೊತ್ತಿಗೆ ಕಾಫಿ ಹಿಡಿದಿರ್ತದೆ. ಮುಕ್ಕಾಲು ಗಂಟೆ ಮಲಗಿದ್ರೆ ಗಾಢ ನಿದ್ದೆಗೆ ಜಾರಿ, ಎದ್ದ ಮೇಲೂ ತಲೆ ಮರಗಟ್ಟಿದಂಗಿರ್ತದೆ. ಕಮ್ಮಿ ಮಲಗಿದ್ರೂ ಎದ್ದು ಕಾಲು ಗಂಟೆ ತನಕ ಇಂಜೆಕ್ಷನ್ ಮುಟ್ಟಬಾರದು. ಮೂರರ ಮೇಲೆ ಕಾಫಿ ಕುಡಿದ್ರೆ ಬೆಳಗಿನ ನಿದ್ದೆ ಹಾಳು.

ಇಷ್ಟೆಲ್ಲ ಮಾಡಿದ್ರೂ ಇಳಿತ ಬರೋದು ಬರ್ತದೆ. ಸುಮ್ಮಸುಮ್ನೆ ಚಳಿ ಆಗೋದು, ಒಂದೇ ಸಾಲು ಎರಡು ಸಲ ಓದೋದು, ಈಗ ತಾನೇ ಯಾವ ಬೆಡ್ ನೋಡಿ ಬಂದೆ ಅಂತ ನೆನಪಾಗದೇ ಇರೋದು, ಇವೇ ಗುರುತು. ಆವಾಗ ಕುರ್ಚಿ ಬಿಟ್ಟೇಳಬೇಕು. ದೊಡ್ಡ ಲೈಟ್ ಕೆಳಗೆ ನಿಂತು, ಬಿಪಿ ನೋಡೋದು, ಟ್ರಾಲಿ ಜೋಡಿಸೋದು, ಹಿಂಗೆ ಓಡಾಡೋ ಕೆಲಸ ಹಿಡೀಬೇಕು. ಅದನ್ನೆಲ್ಲ ಆ ಹೊತ್ತಿಗೆ ಅಂತಲೇ ಉಳಿಸಿರ್ತೀನಿ.

ಎಂಟಕ್ಕೆ ಡ್ಯೂಟಿ ಮುಗಿದ ಮೇಲೆ ಸ್ಕೂಟರಲ್ಲಿ ಊರಿಗೆ ಬರಬೇಡ ಅಂತ ಅವಳಿಗೆ ಖಡಾಖಂಡಿತ ಹೇಳಿದ್ದೀನಿ. ಎರಡು ಸೆಕೆಂಡು ರೆಪ್ಪೆ ಮುಚ್ಚಿದ್ದು ನಮಗೇ ತಿಳಿಯಲ್ಲ, ಅಷ್ಟರಲ್ಲಿ ಗಾಡಿ ಮೂವತ್ತು ಮೀಟರ್ ಹೋಗಿರ್ತದೆ. ಬಸ್ಸೋ ರೈಲೋ ಹತ್ತಿದ್ರೆ ತೂಕಡಿಸಿದ್ರೂ ಸ್ಟಾಪ್ ತಪ್ಪೋದಷ್ಟೇ.

ಮಿಕ್ಕಿದ್ದು ಮನೆಯೋರ ಕೈಲಿದೆ. ಒಂಬತ್ತೂವರೆಗೆ ಮಲಗಿದೋಳು ಎರಡಕ್ಕೆ ಎದ್ದರೆ "ಸಾಕಾಯ್ತಲ್ಲ ನಿದ್ದೆ" ಅನ್ಬೇಡಿ. ನಾಲ್ಕೂವರೆ ಗಂಟೆಗೆ ಅವಳ ಗಡಿಯಾರ ಎಬ್ಬಿಸ್ತು, ಅಷ್ಟೇ. ಉಣ್ಣಕ್ಕಿಕ್ಕಿ, ಮೂರೂವರೆಗೆ ಮತ್ತೊಂದು ಗಂಟೆ ಮಲಗಕ್ಕೆ ಬಿಡಿ. ಬೆಳಗ್ಗೆ ಅವಳು ಮಲಗಿದ ಮೇಲೆ ಮಿಕ್ಸಿ ತಿರುವಬೇಡಿ, ಚಟ್ನಿ ಅಷ್ಟೊತ್ತಿಗೆ ಮುಂಚೆ ರುಬ್ಬಿಡಿ. ಬಾಗಿಲಿಗೆ ಬಂದೋರಿಗೆ "ಹಗಲೊತ್ತು ಮಲಗವಳೆ" ಅನ್ನೋ ಬದಲು "ರಾತ್ರಿಯೆಲ್ಲ ಕೆಲಸ ಮಾಡಿ ಬಂದವಳೆ" ಅನ್ನಿ.