ಐದು ಪೈಪಿಗೊಂದು ಮೇಲ್

ನಮ್ಮ ಬಾಹಾ ಟೀಮಿನಲ್ಲಿ ವೆಲ್ಡಿಂಗ್ ಮಾಡೋರಿಗೆ ಇರೋ ಗತ್ತು ಮೇಲ್ ಬರೆಯೋರಿಗೆ ಇಲ್ಲ. ಫೋಟೋದಲ್ಲಿ ಕಿಡಿ ಹಾರಿದರೆ ಚೆನ್ನಾಗಿ ಕಾಣುತ್ತೆ, ಕೊಟೇಶನ್ ಕೇಳೋ ಮೇಲ್ ಏನು ಕಾಣುತ್ತೆ? ಈ ಸಲ ರೋಲ್ ಕೇಜಿನ ಪೈಪು ತರಿಸೋ ಜವಾಬ್ದಾರಿ ನನ್ನ ತಲೆಗೆ ಬಂದಾಗ ನನಗೂ ಸ್ವಲ್ಪ ಬೇಜಾರೇ ಆಗಿತ್ತು. ಆಮೇಲೆ ಆ ಒಂದು ಪುಟದ ಮೇಲಿಗೆ ಮೂರು ಸಂಜೆ ಹಿಡಿಯಿತು.

ಮೊದಲು ಹಿಂದಿನ ಬ್ಯಾಚಿನವರು ಕಳಿಸಿದ್ದ ಹಳೇ ಮೇಲ್‌ಗಳನ್ನು ತೆಗೆದು ನೋಡಿದೆ. 'ನಾವು ವಿದ್ಯಾರ್ಥಿಗಳು, ಕಾರು ಮಾಡುತ್ತಿದ್ದೇವೆ, ಕ್ರೋಮೋಲಿ ಪೈಪು ಬೇಕು, ಒಳ್ಳೆಯ ರೇಟು ಕೊಡಿ' ಅನ್ನೋದು ಸಾರಾಂಶ. ಹತ್ತು ಕಡೆ ಕಳಿಸಿದ್ದಕ್ಕೆ ಒಂದು ಉತ್ತರ, ಅದೂ ಒಂದೇ ಸಾಲು: 'ಸೈಜ್ ಎಷ್ಟು, ಕ್ವಾಂಟಿಟಿ ಎಷ್ಟು?' ವ್ಯಾಪಾರಿಯ ತಪ್ಪೇನೂ ಇಲ್ಲ. ಗೋದಾಮಿನಲ್ಲಿ ನೂರು ಅಳತೆ ಇಟ್ಟುಕೊಂಡವನು ಯಾವುದಕ್ಕೆ ಬೆಲೆ ಹೇಳಬೇಕು?

ಅಳತೆ ಹೇಳೋದೇನೋ ಸುಲಭ ಅನಿಸುತ್ತೆ. ಬಾಹಾ ನಿಯಮದ ಪ್ರಕಾರ ಕೇಜಿನ ಮುಖ್ಯ ಪೈಪು 25 ಮಿ.ಮೀ. ಹೊರವ್ಯಾಸ, 3 ಮಿ.ಮೀ. ಗೋಡೆಯ ಉಕ್ಕು ಆಗಿರಬೇಕು. ಇಲ್ಲವೇ ಬಲದಲ್ಲೂ ಬಾಗುವಿಕೆಯ ಬಿಗಿತದಲ್ಲೂ ಅದಕ್ಕೆ ಕಮ್ಮಿ ಇಲ್ಲದ ಬೇರೆ ಪೈಪು ಹಾಕಬಹುದು. ಆದರೆ ಗೋಡೆ 1.57 ಮಿ.ಮೀ.ಗಿಂತ ತೆಳ್ಳಗಿರಬಾರದು, ಕಾರ್ಬನ್ ಶೇ. 0.18ಕ್ಕಿಂತ ಕಡಿಮೆ ಇರಬಾರದು. ನಾವು ಆರಿಸಿದ್ದು 4130 ಉಕ್ಕಿನ ಸೀಮ್‌ಲೆಸ್ ಪೈಪು, ಹೊರವ್ಯಾಸ 31.75, ಗೋಡೆ 1.65. ಮೀಟರಿಗೆ ನಾನೂರು ಗ್ರಾಂ ತೂಕ ಉಳಿಯುತ್ತೆ, ಕಾರ್ಬನ್ನೂ 0.28ರ ಮೇಲೇ ಇರುತ್ತೆ.

ಕ್ಯಾಡ್ ಫೈಲಿನಲ್ಲಿ 1.65 ಅಂದರೆ 1.65. ಗೋದಾಮಿನಲ್ಲಿ ಹಾಗಲ್ಲ. ವಿಚಾರಿಸಿದಾಗ 'ಗೋಡೆ ದಪ್ಪದಲ್ಲಿ ಹತ್ತು ಪರ್ಸೆಂಟ್ ಹೆಚ್ಚುಕಮ್ಮಿ ಬರುತ್ತೆ ಸಾರ್' ಅಂದರು. ಹತ್ತು ಪರ್ಸೆಂಟ್ ಕಳೆದರೆ 1.49. ವ್ಯಾಪಾರಿಯ ಲೆಕ್ಕದಲ್ಲಿ ಅದು ಸರಿಯಾದ ಮಾಲು, ಟೆಕ್ನಿಕಲ್ ಇನ್‌ಸ್ಪೆಕ್ಷನ್‌ನಲ್ಲಿ ಅದೇ ಪೈಪು ಫೇಲ್. ವೆಲ್ಡಿಂಗ್ ಎಲ್ಲಾ ಮುಗಿದ ಮೇಲೆ ಇದು ಗೊತ್ತಾದರೆ ಕೇಜನ್ನು ಗುಜರಿಗೆ ಹಾಕಬೇಕು, ಅಷ್ಟೆ. ಹಾಗಾಗಿ ಮೇಲಿನಲ್ಲಿ '1.65' ಅಂತ ಬರೆದು ಬಿಡಲಿಲ್ಲ. 'ಯಾವ ಜಾಗದಲ್ಲಿ ಅಳೆದರೂ 1.57ಕ್ಕಿಂತ ಕಡಿಮೆ ಇರಕೂಡದು, ಇದ್ದರೆ ವಾಪಸ್' ಅಂತ ಬೇರೆ ಸಾಲಿನಲ್ಲೇ ಹಾಕಿದೆ. ಇಡೀ ಮೇಲಿನಲ್ಲಿ ದುಡ್ಡು ಉಳಿಸೋ ಸಾಲು ಯಾವುದು ಅಂತ ಕೇಳಿದರೆ ನಾನು ಇದನ್ನೇ ತೋರಿಸೋದು.

ಎಷ್ಟು ಬೇಕು ಅನ್ನೋದಕ್ಕೆ ಒಂದು ಸಂಜೆ ಪೂರ್ತಿ ಹೋಯಿತು. ಬೆಂಡ್ ಮಾಡುವಾಗ ಹಿಡಿತಕ್ಕೆ ಬೇಕಾದ ಉದ್ದವನ್ನೂ ಸೇರಿಸಿ ತುಂಡುಗಳ ಪಟ್ಟಿ ಹೀಗಿತ್ತು: ಹಿಂದಿನ ಹೂಪಿಗೆ 3.3 ಮೀಟರಿನದು ಒಂದು, 2.6ರದ್ದು ಎರಡು, 1.9ರದ್ದು ಎರಡು, 1.7ರದ್ದು ನಾಲ್ಕು, ಅಡ್ಡಪಟ್ಟಿಗೆ 0.8ರದ್ದು ನಾಲ್ಕು. ಕೂಡಿಸಿದರೆ 22.3 ಮೀಟರ್. ಪೈಪು ಬರೋದು ಆರು ಮೀಟರಿನ ಉದ್ದದಲ್ಲಿ. 'ನಾಲ್ಕು ಸಾಕು ಕಣೋ, 24 ಮೀಟರ್ ಆಯ್ತಲ್ಲ' ಅಂದ ಡಿಸೈನ್ ನೋಡಿಕೊಳ್ಳೋ ಗೆಳೆಯ. ಕಾಗದದ ಮೇಲೆ ತುಂಡು ಜೋಡಿಸಿ ನೋಡಿದರೆ ಹೌದು, ನಾಲ್ಕರಲ್ಲಿ ಸರಿಹೋಗುತ್ತೆ.

ಆದರೆ ಆರು ಮೀಟರಿನ ಪೈಪನ್ನು ಹಾಸನದ ತನಕ ತರೋರು ಯಾರು? ಪಾರ್ಸೆಲ್ ಲಾರಿಯವರನ್ನು ಕೇಳಿದೆ. 'ಅಷ್ಟುದ್ದ ಆಗಲ್ಲ, ಕಟ್ ಮಾಡಿ ಕಳ್ಸೋಕೆ ಹೇಳಿ' ಅಂದರು. ಅರ್ಧಕ್ಕೆ, ಅಂದರೆ ಮೂರು ಮೂರು ಮೀಟರಿಗೆ ಕತ್ತರಿಸಿದರೆ ಹೂಪಿನ 3.3 ಸಿಗಲ್ಲ. ಅದಕ್ಕೆ ಒಂದೊಂದನ್ನೂ 3.3 ಮತ್ತು 2.7ಕ್ಕೆ ಕತ್ತರಿಸಿ ಕೊಡಿ ಅನ್ನಬೇಕಾಯಿತು. ಈಗ ಮತ್ತೆ ಜೋಡಿಸಿ ನೋಡಿ. ನಾಲ್ಕು ಪೈಪಿಗೆ ಎಂಟು ತುಂಡು. ಹೂಪಿಗೊಂದು, 2.6ರ ಎರಡಕ್ಕೆ ಎರಡು ಹೋದರೆ ಉಳಿಯೋದು ಐದು. ನಮಗಿನ್ನೂ 1.9ರದ್ದು ಎರಡು, 1.7ರದ್ದು ನಾಲ್ಕು ಬೇಕು, ಒಟ್ಟು ಆರು. ಒಂದು ತುಂಡಿನಲ್ಲಿ ಎರಡು ತೆಗೆಯೋಣ ಅಂದರೆ 1.7ಕ್ಕೆ 1.7 ಕೂಡಿಸಿದರೆ 3.4, ಕೂರಲ್ಲ. ಲಾರಿಯ ಉದ್ದದಿಂದ ಐದನೇ ಪೈಪು ಪಟ್ಟಿ ಸೇರಿತು. ಮಿಕ್ಕಿದ್ದು ಹಾಳಾಗಲ್ಲ, ವೆಲ್ಡಿಂಗ್ ಸ್ಯಾಂಪಲ್ಲಿಗೆ ಹೇಗೂ ತುಂಡು ಬೇಕು.

ವರ್ಕ್‌ಶಾಪಿನ ಫೋರ್‌ಮನ್ ಸರ್ ಕರಡನ್ನು ಓದಿ ಒಂದೇ ಪ್ರಶ್ನೆ ಕೇಳಿದರು: 'ಹೀಟ್ ನಂಬರ್ ಪೈಪಿನ ಯಾವ ತುದೀಲಿರುತ್ತಪ್ಪ?' ಉಕ್ಕಿನ ಪ್ರತಿ ಕರಗಿಗೂ ಒಂದು ನಂಬರ್ ಇರುತ್ತೆ, ಅದೇ ನಂಬರ್ ಮಿಲ್ ಟೆಸ್ಟ್ ಸರ್ಟಿಫಿಕೇಟಿನಲ್ಲೂ ಇರಬೇಕು. ಎರಡೂ ತಾಳೆಯಾದರೆ ಮಾತ್ರ ಆ ಕಾಗದ ಈ ಪೈಪಿನದು. ಪೈಪಿನ ಮೇಲೆ ಒಂದೇ ಕಡೆ ಬರೆದಿದ್ದರೆ, ಕತ್ತರಿಸಿದ ಮೇಲೆ ಅರ್ಧ ಅನಾಥ. 'ಎರಡೂ ತುಂಡಿನ ಮೇಲೆ ಹೀಟ್ ನಂಬರ್ ಬರೆದು ಕಳಿಸಿ, ಸರ್ಟಿಫಿಕೇಟಿನ ಪ್ರತಿಯನ್ನು ಕೊಟೇಶನ್ ಜೊತೆಗೇ ಕೊಡಿ' ಅನ್ನೋ ಸಾಲು ಹೀಗೆ ಸೇರಿತು. ಮಾಲು ಬಂದ ಮೇಲೆ ಸರ್ಟಿಫಿಕೇಟ್ ಕೇಳಿದರೆ ಅದು ಬರೋದು ಯಾವಾಗಲೋ.

ತಾರೀಕುಗಳನ್ನು ಹಿಂದಿನಿಂದ ಎಣಿಸಿದೆ. ಬೆಂಡಿಂಗ್ ಮಾಡೋರು ಕೊಟ್ಟ ದಿನ ನವೆಂಬರ್ 12. ಪೈಪು ಕಾಲೇಜಿನಲ್ಲಿ 8ಕ್ಕೆ ಇರಬೇಕು. 'ಅರ್ಜೆಂಟ್' ಅನ್ನೋ ಪದವನ್ನು ಎಲ್ಲೂ ಬಳಸಲಿಲ್ಲ, ಎಲ್ಲರೂ ಬಳಸಿ ಬಳಸಿ ಅದಕ್ಕೆ ಬೆಲೆಯೇ ಹೋಗಿದೆ. ಬದಲಿಗೆ 'ಮಾಲು ಈಗ ನಿಮ್ಮ ಗೋದಾಮಿನಲ್ಲಿ ಇದೆಯಾ, ಮಿಲ್ಲಿನಿಂದ ತರಿಸಬೇಕಾ?' ಅಂತ ಕೇಳಿದೆ. ಈ ಪ್ರಶ್ನೆಗೆ ಬರೋ ಉತ್ತರದಲ್ಲೇ ಡೆಲಿವರಿ ದಿನದ ಸತ್ಯ ಇರುತ್ತೆ. ಉತ್ತರಕ್ಕೆ ಕೊನೆ ದಿನ ಮಂಗಳವಾರ ಸಂಜೆ ಐದು, ಯಾಕಂದರೆ ಪರ್ಚೇಸ್ ಕಮಿಟಿ ಕೂರೋದು ಗುರುವಾರ, ಅವರಿಗೆ ಮೂರು ಕೊಟೇಶನ್ ಹೋಲಿಸಿದ ಪಟ್ಟಿ ಬುಧವಾರವೇ ಬೇಕು. ಕಾರಣವನ್ನೂ ಅರ್ಧ ಸಾಲಿನಲ್ಲಿ ಬರೆದೆ. ಜೊತೆಗೆ, ರೇಟು ಮೂವತ್ತು ದಿನ ನಡೆಯಬೇಕು ಅಂತಲೂ. ಉಕ್ಕಿನ ರೇಟನ್ನು ಕೆಲವರು ಒಂದು ವಾರಕ್ಕೇ ಕೊಡುತ್ತಾರೆ. ನಮ್ಮ ಕಾಲೇಜಿನ ಆರ್ಡರಿಗೆ ಸಹಿ ಬೀಳೋದು ಒಂದು ವಾರದಲ್ಲಂತೂ ಅಲ್ಲ.

ಆರು ಜನಕ್ಕೆ ಕಳಿಸಿದೆ, ಮಂಗಳವಾರದೊಳಗೆ ನಾಲ್ಕು ಉತ್ತರ ಬಂತು. 'ಬೆಲೆ ಮೀಟರಿಗೆ, ತೆರಿಗೆ ಸೇರಿಸಿ ಹೇಳಿ' ಅಂತ ಬರೆದಿದ್ದರೂ ಒಬ್ಬರು ಕೆಜಿಗೆ 480, ಜಿಎಸ್‌ಟಿ ಬೇರೆ ಅಂದರು. ಇನ್ನೊಬ್ಬರು ಕೇಳಿದಂತೆಯೇ ಮೀಟರಿಗೆ 620, ಎಲ್ಲಾ ಸೇರಿ. ನೋಡಿದ ಕೂಡಲೇ 480 ಅಗ್ಗ ಅನಿಸುತ್ತೆ, ಅಲ್ವಾ? ಉಕ್ಕಿನ ಪೈಪಿನ ಮೀಟರ್ ತೂಕಕ್ಕೆ 0.02466 × t × (D − t) ಅನ್ನೋ ಸೂತ್ರವಿದೆ, ನಮ್ಮ ಪೈಪಿಗೆ ಅದು 1.225 ಕೆಜಿ. ಹಾಗಾದರೆ ಮೀಟರಿಗೆ 588, ಶೇ. 18 ತೆರಿಗೆ ಸೇರಿ 694. ಮೂವತ್ತು ಮೀಟರಿಗೆ ಎರಡು ಸಾವಿರದ ಮೇಲೆ ವ್ಯತ್ಯಾಸ, ಲಾರಿ ಬಾಡಿಗೆ ಇನ್ನೂ ಸೇರಿಲ್ಲ.

ಮೂರನೆಯವರು ಎಲ್ಲರಿಗಿಂತ ಕಮ್ಮಿ ಹೇಳಿ, 'ಗೋಡೆ 1.5, ಸಮಾನವಾದದ್ದೇ' ಅಂತ ಕೆಳಗೆ ಸಣ್ಣದಾಗಿ ಬರೆದಿದ್ದರು. ಅದನ್ನು ಹೋಲಿಕೆ ಪಟ್ಟಿಗೆ ಸೇರಿಸಲಿಲ್ಲ. ಉಳಿದ ಮೂರರಲ್ಲಿ 620ರವರದ್ದೇ ಕಮ್ಮಿ, ಅವರ ಗೋದಾಮಿನಲ್ಲಿ ಮಾಲೂ ಇತ್ತು.

ಪೈಪು 7ನೇ ತಾರೀಕೇ ಬಂತು. ಹತ್ತು ತುಂಡು, ಹತ್ತರ ಮೇಲೂ ಬಿಳಿ ಬಣ್ಣದಲ್ಲಿ ಹೀಟ್ ನಂಬರ್. ತುದಿಗಳಲ್ಲಿ ನಾಲ್ಕು ನಾಲ್ಕು ಕಡೆ ಮೈಕ್ರೋಮೀಟರ್ ಹಿಡಿದೆವು, ಎಲ್ಲಕ್ಕಿಂತ ತೆಳ್ಳಗೆ ಸಿಕ್ಕಿದ್ದು 1.61. ಫೋರ್‌ಮನ್ ಸರ್ ಸರ್ಟಿಫಿಕೇಟನ್ನು ಒಂದೊಂದೇ ತುಂಡಿನ ಪಕ್ಕ ಹಿಡಿದು ನಂಬರ್ ಓದಿ, ಕೊನೆಗೆ 'ಹೂಂ, ಒಳಗ್ ಇಡ್ರಪ್ಪಾ' ಅಂದರು.