ಸಿಂಬಿಯ ಮೇಲಿನ 15 ಕಿಲೊ

ಪುಣೆಯ ಅಂಚಿನಲ್ಲಿ ಏಳುತ್ತಿರುವ ಒಂದು ಕಟ್ಟಡ. ಯಾದಗಿರಿ ಕಡೆಯಿಂದ ಬಂದ ಹತ್ತಾರು ಕುಟುಂಬಗಳು ಅದರ ಬೆನ್ನಿಗೆ ತಗಡಿನ ಶೆಡ್ಡುಗಳಲ್ಲಿವೆ. ಬೆಳಿಗ್ಗೆ ಎಂಟೂವರೆಗೆ ಗೌಂಡಿಗಳು ಮೇಲೆ ಹತ್ತುತ್ತಾರೆ, ಹೆಂಗಸರು ಉಸುಕಿನ ಗುಡ್ಡೆಯ ಪಕ್ಕ ಸಾಲಾಗುತ್ತಾರೆ. ಇಲ್ಲಿನವರು ಘಮೇಲಾ ಎನ್ನುವ ಕಬ್ಬಿಣದ ಬುಟ್ಟಿಗೆ ಒಬ್ಬ ಗಂಡಾಳು ಸಲಿಕೆಯಿಂದ ಉಸುಕು ತುಂಬುತ್ತಾನೆ. ಅದನ್ನು ಇನ್ನೊಬ್ಬರು ಕೈಕೊಟ್ಟು ತಲೆಗೇರಿಸುತ್ತಾರೆ.

ಆ ಸಾಲಿನಲ್ಲಿ ಒಬ್ಬ ಅತ್ತೆ, ಒಬ್ಬ ಸೊಸೆ. ಅತ್ತೆಗೆ ಐವತ್ತರ ಹತ್ತಿರ. ಏಳೆಂಟು ವರ್ಷದವಳಿದ್ದಾಗ ಬಾವಿಯಿಂದ ಕೊಡ ಹೊತ್ತು ಕಲಿತವಳು. ಸೊಸೆಗೆ ಇಪ್ಪತ್ತೆರಡು. ಅವಳ ಊರಿಗೆ ಅವಳು ಹುಟ್ಟುವ ಹೊತ್ತಿಗೇ ನಳ ಬಂದಿತ್ತು. ಪಿಯುಸಿ ಅರ್ಧಕ್ಕೆ ಬಿಟ್ಟು ಮದುವೆಯಾಗಿ, ಪುಣೆಗೆ ಬಂದು, ಮೊದಲ ಬಾರಿಗೆ ತಲೆಯ ಮೇಲೆ ಭಾರ ಇಟ್ಟುಕೊಂಡವಳು. ಮೂರು ವಾರ ಕಳೆದರೂ ಸಂಜೆ ಅವಳ ಕತ್ತು ತಿರುಗುತ್ತಿರಲಿಲ್ಲ. ಅತ್ತೆ ಮಾತ್ರ ಅಷ್ಟೇ ಬುಟ್ಟಿಗಳನ್ನು ಹೊತ್ತು, ಕೆಲಸ ಬಿಟ್ಟ ಮೇಲೆ ರೊಟ್ಟಿ ಬಡಿಯಲು ಕೂರುತ್ತಿದ್ದಳು.

“ರೂಢಿ ಆದ್ರ ಭಾರನೇ ಗೊತ್ತಾಗಂಗಿಲ್ಲ” ಎಂದು ಮುಕಾದಮ ಹೇಳಿದ್ದ. ಹಾಗೆ ಹೇಳುತ್ತಲೇ ಬುಟ್ಟಿಗೆ ಇನ್ನೊಂದು ಸಲಿಕೆ ಹಾಕಿಸಿದ್ದ. ಅವನ ಮಾತು ಎಲ್ಲಿಯವರೆಗೆ ನಿಜ ಎಂಬುದೇ ಆ ಹುಡುಗಿಯ ಕತ್ತಿನ ಪ್ರಶ್ನೆ.

ಅರ್ಧ ಮಟ್ಟಿಗೆ ಅದು ನಿಜ. ಅಳೆದು ನೋಡಿದವರಿದ್ದಾರೆ. ಕೆನ್ಯಾದಲ್ಲಿ ಲುವೊ ಸಮುದಾಯದ ಹೆಂಗಸರು ಭಾರವನ್ನು ನೆತ್ತಿಯ ಮೇಲೆ ಹೊರುತ್ತಾರೆ. ಕಿಕುಯು ಹೆಂಗಸರು ಬೆನ್ನಿಗೆ ಬಿಟ್ಟು, ಅದರ ಪಟ್ಟಿಯನ್ನು ಹಣೆಗೆ ಕೊಟ್ಟು ಎಳೆಯುತ್ತಾರೆ. ಇಬ್ಬರೂ ತಮ್ಮ ಮೈತೂಕದ 70%ರವರೆಗೂ ಹೊರಬಲ್ಲರು. ಜೆಫ್ರಿ ಮಲೊಯ್, ನಾರ್ಮನ್ ಹೆಗ್ಲುಂಡ್ ಮತ್ತು ಸಂಗಡಿಗರು ಇಂಥ ಬೆರಳೆಣಿಕೆಯ ಹೆಂಗಸರನ್ನು ಯಂತ್ರದ ಪಟ್ಟಿಯ ಮೇಲೆ ನಡೆಸಿ, ಅವರ ಉಸಿರಿನಲ್ಲಿ ಎಷ್ಟು ಆಮ್ಲಜನಕ ಖರ್ಚಾಗುತ್ತದೆಂದು ಅಳೆದು 1986ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೈತೂಕದ 20%ರಷ್ಟು ಭಾರ ಹೊತ್ತಾಗಲೂ ಅವರ ಖರ್ಚು ಬರಿಗೈಯಲ್ಲಿ ನಡೆದಷ್ಟೇ ಇತ್ತು. ಅದಕ್ಕಿಂತ ಹೆಚ್ಚಾದ ಭಾರಕ್ಕೆ ಮಾತ್ರ ಖರ್ಚು ಏರುತ್ತ ಹೋಯಿತು. 30% ಹೊತ್ತರೆ ಖರ್ಚು 10% ಹೆಚ್ಚು. ಅಂದರೆ ಮೊದಲ 20% ಪುಕ್ಕಟೆ, ಲೆಕ್ಕ ಶುರುವಾಗುವುದು ಅದರ ಮೇಲೆ. ರೂಢಿಯಿಲ್ಲದವರಿಗೆ ಈ ರಿಯಾಯಿತಿ ಇಲ್ಲ, ಭಾರ ಎಷ್ಟೋ ಖರ್ಚು ಅಷ್ಟು ಏರುತ್ತದೆ.

ಇದನ್ನು ಸೊಸೆಗೆ ಹೊಂದಿಸಿ ನೋಡಬಹುದು. ಅವಳ ತೂಕ 50 ಕಿಲೊ. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳ ಗಂಡ ಪಕ್ಕದ ರದ್ದಿ ಅಂಗಡಿಯ ತಕ್ಕಡಿಯಲ್ಲಿ ತುಂಬಿದ ಬುಟ್ಟಿಯನ್ನು ಇಟ್ಟು ನೋಡಿದ. ಒಣ ಉಸುಕಿನದು 15 ಕಿಲೊ ತೂಗಿತು, ಮಳೆಯಲ್ಲಿ ನೆಂದ ಉಸುಕನ್ನು ತುಂಬಿದರೆ 20. ಪಳಗಿದವಳಾಗಿದ್ದರೆ ಅವಳಿಗೆ 10 ಕಿಲೊ ಪುಕ್ಕಟೆ. 15 ಕಿಲೊ ಎಂದರೆ ಮೈತೂಕದ 30%, ಖರ್ಚು 10% ಹೆಚ್ಚು. 20 ಕಿಲೊ ಎಂದರೆ 40%, ಖರ್ಚು 20% ಹೆಚ್ಚು. ಪಳಗದವಳಾಗಿರುವುದರಿಂದ ಅದೇ ಎರಡು ಬುಟ್ಟಿಗಳಿಗೆ ಅವಳು ಸುಮಾರು 30% ಮತ್ತು 40% ತೆರುತ್ತಿದ್ದಾಳೆ. ಅತ್ತೆ ಸಂಜೆ ರೊಟ್ಟಿ ಬಡಿಯುವುದಕ್ಕೂ ಸೊಸೆ ಗೋಡೆಗೆ ಒರಗುವುದಕ್ಕೂ ಈ ಅಂತರ ಒಂದು ಕಾರಣ.

ಪುಕ್ಕಟೆ ಎಲ್ಲಿಂದ ಬರುತ್ತದೆ? ಆ ಹೆಂಗಸರ ಸ್ನಾಯುಗಳೇನೂ ಬೇರೆಯಲ್ಲ. ಉಳಿತಾಯ ಇರುವುದು ಹೆಜ್ಜೆಯಲ್ಲಿ.

ಗಡಿಯಾರದ ಲೋಲಕವನ್ನು ತಲೆಕೆಳಗು ಮಾಡಿದರೆ ನಮ್ಮ ನಡಿಗೆ ಸಿಗುತ್ತದೆ. ಊರಿದ ಕಾಲು ನೆಟ್ಟಗಿರುತ್ತದೆ, ಮೈ ಅದರ ಮೇಲೆ ಕಮಾನಿನಂತೆ ದಾಟುತ್ತದೆ. ಮೈ ಕಾಲಿನ ನೇರಕ್ಕೆ ಬಂದಾಗ ಅತಿ ಎತ್ತರದಲ್ಲಿರುತ್ತದೆ, ವೇಗ ಅತಿ ಕಡಿಮೆ. ಅಲ್ಲಿಂದ ಮುಂದಕ್ಕೆ ಇಳಿಯುತ್ತ ಆ ಎತ್ತರವೇ ವೇಗವಾಗುತ್ತದೆ. ಮುಂದಿನ ಕಾಲು ಊರಿದ ಮೇಲೆ ಆ ವೇಗವೇ ಮತ್ತೆ ಎತ್ತರವಾಗುತ್ತದೆ. ಈ ಕೊಡುಕೊಳ್ಳುವಿಕೆ ಪೂರ್ತಿ ನಡೆದಿದ್ದರೆ ಸಮತಟ್ಟು ನೆಲದಲ್ಲಿ ನಡೆಯಲು ಹೆಚ್ಚೇನೂ ಖರ್ಚಾಗುತ್ತಿರಲಿಲ್ಲ. ಆದರೆ ಒಳ್ಳೆಯ ವೇಗದಲ್ಲಿ, ಅಂದರೆ ಗಂಟೆಗೆ 4–5 ಕಿಲೋಮೀಟರಿನಲ್ಲಿ, ನಾವು ಮರಳಿ ಪಡೆಯುವುದು ಸುಮಾರು 65% ಮಾತ್ರ. ಉಳಿದ 35% ಅನ್ನು ಪ್ರತಿ ಹೆಜ್ಜೆಗೂ ಸ್ನಾಯು ತುಂಬಿಕೊಡಬೇಕು.

ಹೆಗ್ಲುಂಡ್, ಜೊವಾನಿ ಕವಾನಾ ಮತ್ತು ಜೊತೆಗಾರರು 1995ರಲ್ಲಿ ಕೆನ್ಯಾದ ಹೆಂಗಸರ ಹೆಜ್ಜೆಯ ಒತ್ತಡವನ್ನು ಅಳೆದಾಗ ಕಂಡದ್ದು ಇದು: ಬರಿಗೈಯಲ್ಲಿ ಅವರೂ ಎಲ್ಲರ ಹಾಗೇ ನಡೆಯುತ್ತಾರೆ, ತಲೆಯ ಮೇಲೆ ಭಾರ ಬಂದಾಗ ಅವರ ಮರಳಿಕೆ ಹೆಚ್ಚುತ್ತದೆ. ಸರಳ ಲೆಕ್ಕ ಹಾಕೋಣ. ಬರಿಗೈಯಲ್ಲಿ ಒಂದು ಹೆಜ್ಜೆಗೆ ನೂರು ರೂಪಾಯಿ ಓಡಾಡುತ್ತದೆ, ಅದರಲ್ಲಿ 65 ವಾಪಸು ಬಂದು 35 ಕೈಯಿಂದ ಹೋಗುತ್ತದೆ ಎಂದುಕೊಳ್ಳಿ. 20% ಭಾರ ಸೇರಿದರೆ ಓಡಾಡುವುದು 120. ಕೈಯಿಂದ ಹೋಗುವುದು 35ರಲ್ಲೇ ನಿಲ್ಲಬೇಕಾದರೆ 85 ವಾಪಸು ಬರಬೇಕು, ಅಂದರೆ ಸುಮಾರು 71%. ಪುಕ್ಕಟೆಯ ಗುಟ್ಟು 65 ಮತ್ತು 71ರ ನಡುವಿನ ಈ ಸಣ್ಣ ಅಂತರ.

ಅದು ಹೆಜ್ಜೆಯ ಯಾವ ಗಳಿಗೆಯಲ್ಲಿ ಸಿಗುತ್ತದೆ ಎಂಬುದನ್ನು ಕವಾನಾ ತಂಡ 2002ರಲ್ಲಿ ಇನ್ನೂ ಹತ್ತಿರದಿಂದ ನೋಡಿತು. ಕಮಾನಿನ ತುದಿ ದಾಟಿದ ಕೂಡಲೇ ನಾವೆಲ್ಲ ಒಂದು ಚೂರು ತಡೆಯುತ್ತೇವೆ. ಮೈ ಇಳಿಯತೊಡಗಿದರೂ ಆ ಇಳಿತ ಪೂರ್ತಿಯಾಗಿ ಮುಂದಿನ ವೇಗವಾಗುವುದಿಲ್ಲ. ಕಾಲಿನ ಸ್ನಾಯುಗಳು ಅದನ್ನು ಹಿಡಿದು ಕರಗಿಸುತ್ತವೆ. ಪಳಗಿದ ಹೆಂಗಸರು ಭಾರ ಹೊತ್ತಾಗ ಈ ಹಿಡಿತವನ್ನು ಬಿಡುತ್ತಾರೆ. ತುದಿ ದಾಟಿದೊಡನೆ ಮೈಯನ್ನು ಮುಂದಕ್ಕೆ ಇಳಿಯಗೊಡುತ್ತಾರೆ.

ಪುಣೆಯ ಅತ್ತೆಗೆ ಈ ಮಾತುಗಳು ಯಾವುವೂ ಗೊತ್ತಿಲ್ಲ. ಆದರೆ ಸೊಸೆಯ ಹಿಂದೆ ನಡೆಯುತ್ತ ಅವಳು ಹೇಳುತ್ತಿದ್ದುದು ಬಹುತೇಕ ಇದನ್ನೇ.

“ನಡದು ನಡದು ಯಾಕ ನಿಂದರ್ತಿ ಯವ್ವಾ? ಹೆಜ್ಜಿ ಹೆಜ್ಜಿಗೂ ಬ್ರೇಕ್ ಹಾಕಬ್ಯಾಡ. ಬುಟ್ಟಿ ಹೆಂಗ ಹೊಂಟೈತಿ ಹಂಗ ಹೋಗು.”

“ಬೀಳ್ತದ ಅತ್ತಿ.”

“ಹೆದರಿದ್ರ ಬೀಳ್ತದ. ಎದುರಿಗಿ ನೋಡು, ಕಾಲಾಗ ನೋಡಬ್ಯಾಡ.”

ಕಾಲನ್ನು ನೋಡಿದರೆ ತಲೆ ಬಾಗುತ್ತದೆ. ಭಾರ ಕತ್ತೆಲುಬಿನ ನೇರದಿಂದ ಮುಂದಕ್ಕೆ ಸರಿಯುತ್ತದೆ. ನೇರಕ್ಕಿದ್ದಾಗ ಭಾರವನ್ನು ಎಲುಬುಗಳು ಒಂದರ ಮೇಲೊಂದು ಹೊರುತ್ತವೆ. ಸರಿದಾಗ ಅದು ಉರುಳದಂತೆ ಕತ್ತಿನ ಹಿಂದಿನ ಸ್ನಾಯುಗಳು ಇಡೀ ದಾರಿ ಎಳೆದು ಹಿಡಿಯಬೇಕು. ಸಂಜೆ ಸೊಸೆಗೆ ನೋವು ಬರುತ್ತಿದ್ದದ್ದು ಸರಿಯಾಗಿ ಅಲ್ಲೇ, ಹೆಗಲಿಂದ ತಲೆಬುರುಡೆಯ ಬುಡದವರೆಗೆ.

ಅತ್ತೆ ಮೊದಲು ಸರಿಪಡಿಸಿದ್ದು ಸಿಂಬಿಯನ್ನು. ಸೊಸೆ ಮೆತ್ತಗಿರಲೆಂದು ಟವೆಲನ್ನು ದಪ್ಪಗೆ ಮಡಿಸಿ ತಲೆಗಿಟ್ಟುಕೊಳ್ಳುತ್ತಿದ್ದಳು. ಮೆತ್ತೆಯ ಮೇಲೆ ಬುಟ್ಟಿ ಹೆಜ್ಜೆ ಹೆಜ್ಜೆಗೂ ಓಲಾಡುತ್ತಿತ್ತು, ಓಲಾಟವನ್ನು ತಡೆಯಲು ಅವಳು ಒಂದು ಕೈ ಸದಾ ಮೇಲೆತ್ತಿರುತ್ತಿದ್ದಳು. ಅತ್ತೆ ಹಳೇ ಇಲಕಲ್ ಸೀರೆಯ ತುಂಡನ್ನು ಬಿಗಿಯಾಗಿ ಹುರಿ ಹೊಸೆದು, ಅಂಗೈ ಅಗಲದ ಸುತ್ತು ಸುತ್ತಿ, ಕೊನೆಯನ್ನು ಒಳಗೆ ಸಿಕ್ಕಿಸಿ ಕೊಟ್ಟಳು. ಗುಂಡಗಿನ ನೆತ್ತಿಗೂ ಬುಟ್ಟಿಯ ತಳಕ್ಕೂ ನಡುವೆ ಅದು ಒಂದು ಗಟ್ಟಿ ಪೀಠ. ಎರಡೂ ಕಿವಿಗಳ ನೇರಕ್ಕೆ ಕೂತರೆ ಕೈ ಬಿಟ್ಟರೂ ಅಲುಗುವುದಿಲ್ಲ. ಅದೇ ಸೈಟಿನ ಮರಾಠಿ ಹೆಂಗಸರಿಗೆ ಇದು ಚುಂಬಳ. ಚೆನ್ನೈಯಲ್ಲಿ ಸುಮ್ಮಾಡು. ಹೈದರಾಬಾದಿನಲ್ಲಿ ಚುಟ್ಟಕುದುರು. ಚುಟ್ಟ ಎಂದರೆ ಸುರುಳಿ, ಕುದುರು ಎಂದರೆ ನೆಲೆಯಾಗಿ ಕೂರುವುದು. ವಸ್ತು ಮಾಡುವ ಕೆಲಸವನ್ನು ತೆಲುಗು ಹೆಸರಿನಲ್ಲೇ ಹೇಳಿಬಿಡುತ್ತದೆ.

ಹತ್ತು ದಿನಗಳಲ್ಲಿ ಸೊಸೆಯ ಕೈ ಕೆಳಗಿಳಿಯಿತು. ಗುಡ್ಡೆಯಿಂದ ಲಿಫ್ಟಿನ ತನಕದ ಸಮತಟ್ಟಾದ ಐವತ್ತು ಹೆಜ್ಜೆಗಳನ್ನು ಅವಳು ಒಂದೇ ಸಮನೆ ದಾಟತೊಡಗಿದಳು. ಹಿಂದೆ ನಡೆಯುವವರಿಗೆ ಗೊತ್ತಾಗುವ ಗುರುತು ಒಂದೇ: ಬುಟ್ಟಿಯ ಅಂಚಿನಿಂದ ಉಸುಕು ಉದುರುವುದು ನಿಂತಿತ್ತು.

ಅದೇ ವಾರ ಲಿಫ್ಟ್ ಕೆಟ್ಟಿತು. ಬುಟ್ಟಿಗಳು ಮೆಟ್ಟಿಲ ಮೇಲೆ ಹೋಗಬೇಕಾಯಿತು.

ಮುಕಾದಮನ ಮಾತಿನ ಸುಳ್ಳಿನ ಅರ್ಧ ಇರುವುದು ಇಲ್ಲಿ. ಲೋಲಕ ಕೆಲಸ ಮಾಡುವುದು ಸಮತಟ್ಟಿನಲ್ಲಿ, ಒಂದೇ ವೇಗದಲ್ಲಿ. ಮೆಟ್ಟಿಲೇರುವಾಗ ಎತ್ತರ ವೇಗವಾಗಿ ಮರಳುವುದಿಲ್ಲ. ಮೇಲೆ ಹೋದದ್ದು ಮೇಲೆಯೇ ಉಳಿಯಬೇಕು. 50 ಕಿಲೊ ಮೈಗೆ 15 ಕಿಲೊ ಬುಟ್ಟಿ ಸೇರಿದರೆ ಎತ್ತುವ ಕೆಲಸ ಪೂರ್ತಿ 30% ಹೆಚ್ಚು, ಪಳಗಿದವಳಿಗೂ ಪಳಗದವಳಿಗೂ ಒಂದೇ ದರ. ಬಾಗಿಲಲ್ಲಿ ನಿಂತು, ತಿರುಗಿ, ಎದುರು ಬರುವವರಿಗೆ ದಾರಿ ಬಿಟ್ಟು ಮತ್ತೆ ಹೊರಟಾಗಲೂ ಗಳಿಸಿದ ವೇಗ ಅಲ್ಲೇ ಕಳೆದುಹೋಗುತ್ತದೆ.

ರಿಯಾಯಿತಿ ಎಲ್ಲರಿಗೂ ಸಿಗುವುದೂ ಇಲ್ಲ. ದಕ್ಷಿಣ ಆಫ್ರಿಕಾದ ಖೋಸಾ ಹೆಂಗಸರನ್ನು ಅಳೆದು 2010ರಲ್ಲಿ ಬಂದ ಅಧ್ಯಯನದಲ್ಲಿ, ಸರಾಸರಿಯಲ್ಲಿ ತಲೆಹೊರೆ ಬೆನ್ನುಹೊರೆಗಿಂತ ಅಗ್ಗವಾಗಿರಲಿಲ್ಲ. ಒಬ್ಬರಿಂದೊಬ್ಬರಿಗೆ ವ್ಯತ್ಯಾಸ ಮಾತ್ರ ಬಹಳ ಇತ್ತು. ಕೆಲವರು ಕೆನ್ಯಾದವರಷ್ಟು ಮಿತವ್ಯಯಿಗಳು, ಕೆಲವರು ಅಲ್ಲವೇ ಅಲ್ಲ. ಇನ್ನು ಆಮ್ಲಜನಕದ ಲೆಕ್ಕಕ್ಕೆ ಕತ್ತು ಸೇರುವುದೇ ಇಲ್ಲ. ಉಸಿರು ಉಳಿದರೂ 15 ಕಿಲೊ ಕತ್ತೆಲುಬಿನ ಮೇಲೆ 15 ಕಿಲೊವಾಗಿಯೇ ಕೂರುತ್ತದೆ.

ಮೆಟ್ಟಿಲಿನ ಮೂರನೆಯ ದಿನ ಸೊಸೆ ರಾತ್ರಿ ಬಲಗೈಯನ್ನು ಕೊಡವುತ್ತ ಕೂತಿದ್ದಳು.

“ಏನಾತು?”

“ಬೆರಳು ಜುಮ್ ಅಂತಾವ ಅತ್ತಿ. ಹೆಬ್ಬೆಟ್ಟು ಗೊತ್ತಾಗವಲ್ದು.”

ಅಷ್ಟು ದಿನ ಕತ್ತುನೋವಿಗೆ ಎಣ್ಣೆ ತಿಕ್ಕಿದ್ದ ಅತ್ತೆ ಈ ಸಲ ಎಣ್ಣೆಯ ಬಾಟಲಿ ತೆಗೆಯಲಿಲ್ಲ. ಸ್ನಾಯುವಿನ ನೋವು ಕತ್ತಿನಲ್ಲೇ ಇರುತ್ತದೆ, ರಾತ್ರಿ ಮಲಗಿದರೆ ತಗ್ಗುತ್ತದೆ. ಜುಮ್ಮೆನ್ನುವುದು ಕೈಗಿಳಿದರೆ, ಬೆರಳು ಮರಗಟ್ಟಿದರೆ, ಹಿಡಿದ ಲೋಟ ಜಾರಿದರೆ ಕತ್ತಿನಲ್ಲಿ ನರ ಒತ್ತಿರಬಹುದು. ಅದಕ್ಕೆ ಭಾರ ಇಳಿಸಿ ಡಾಕ್ಟರಿಗೆ ತೋರಿಸಬೇಕೇ ಹೊರತು ರೂಢಿ ಮಾಡಿಕೊಳ್ಳುವುದಲ್ಲ. ಅತ್ತೆಗೆ ಇದು ಗೊತ್ತಿದ್ದದ್ದು ತನ್ನ ಅಕ್ಕನಿಂದ. ಆಕೆಯ ಬಲಗೈಯಲ್ಲಿ ಈಗ ಸೌಟು ನಿಲ್ಲುವುದಿಲ್ಲ.

ಮರುದಿನ ಬೆಳಿಗ್ಗೆ ಅತ್ತೆಯೇ ಮುಕಾದಮನ ಹತ್ತಿರ ಹೋದಳು.

“ಈ ಹುಡುಗಿ ಮ್ಯಾಲೆ ಹತ್ತಂಗಿಲ್ರೀ. ದವಾಖಾನಿಗಿ ಹೋಗಿ ಬರ್ತಾಳ, ಆಮ್ಯಾಲ ಕೆಳಗ ಉಸುಕು ಜರಡಿ ಹಿಡಿತಾಳ.”

“ಜರಡಿಗಿ ಪಗಾರ ಕಮ್ಮಿ ಐತಿ.”

“ಇರ್ಲಿ. ಮತ್ತ ನನ್ನ ಬುಟ್ಟಿಗಿ ಮ್ಯಾಲಿನ ಸಲಿಕಿ ಹಾಕಿಸಬ್ಯಾಡ್ರಿ. ರೂಢಿ ಆದವ್ರಿಗಿ ಭಾರ ಗೊತ್ತಾಗಂಗಿಲ್ಲ ಅಂದ್ರಿ ನೀವು. ಗೊತ್ತಾಗ್ತದ, ಹೇಳಂಗಿಲ್ಲ ಅಷ್ಟ.”

ಅಂದು ಸಂಜೆ ಶೆಡ್ಡಿನ ಮೊಳೆಗೆ ಎರಡು ಸಿಂಬಿಗಳು ತೂಗುತ್ತಿದ್ದವು. ಒಂದು ಬೆವರಿಗೆ ಕಪ್ಪಾಗಿತ್ತು. ಇಲಕಲ್ ಸೀರೆಯದು ಇನ್ನೂ ಕೆಂಪಗೇ ಇತ್ತು.